ಹುಡುಕಿದಾಗ ವಿಡಿಯೋ ಕೆಳಗೆ ಬರೀ ‘ನಮಸ್ಕಾರ ಸ್ನೇಹಿತರೇ’ ಕಾಣಿಸುತ್ತಿದೆ. ಡಿಸ್ಕ್ರಿಪ್ಷನ್, ಹ್ಯಾಷ್‌ಟ್ಯಾಗ್, ಪಿನ್ ಕಾಮೆಂಟ್ ನೋಡಿ ಹೇಳ್ತೀರಾ?

ಸೂಜಿದಾರ

ಎಲ್ಲರಿಗೂ ನಮಸ್ಕಾರ. ಮನೆ ಹೊಲಿಗೆ ಬಗ್ಗೆ ನನ್ನದೊಂದು ಯೂಟ್ಯೂಬ್ ಚಾನೆಲ್ ಇದೆ. ಹೊಲಿಯುವಾಗ ಬಟ್ಟೆಯ ಕೆಳಗಡೆ ದಾರ ಗಂಟು ಗಂಟಾಗಿ ಸಿಕ್ಕಿಕೊಳ್ಳುತ್ತದಲ್ಲ, ಅದನ್ನು ಸರಿ ಮಾಡುವುದು ಹೇಗೆ ಅಂತ ಒಂದು ವಿಡಿಯೋ ಹಾಕಿದ್ದೇನೆ. ವಿಡಿಯೋ ಚೆನ್ನಾಗಿದೆ ಅಂತ ನೋಡಿದವರು ಹೇಳುತ್ತಾರೆ. ಆದರೆ ಹುಡುಕಿ ಬರುವವರು ಬಹಳ ಕಡಿಮೆ. ಕಂಪ್ಯೂಟರ್‌ನಲ್ಲಿ ಹುಡುಕಿ ನೋಡಿದರೆ ಟೈಟಲ್ ಕೆಳಗೆ ಸ್ವಾಗತದ ಸಾಲು ಬರುತ್ತದೆ, ವಿಷಯ ಬರುವುದಿಲ್ಲ. ಟೈಟಲ್ ಹತ್ತಿರ ಕಾಣುವ ಹ್ಯಾಷ್‌ಟ್ಯಾಗ್ ನೋಡಿದರೆ ಹೊಲಿಗೆಗೂ ಅದಕ್ಕೂ ಸಂಬಂಧವೇ ಇಲ್ಲ. ಕಾಮೆಂಟ್‌ನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ಮೇಡಂ, ಮೋಟಾರ್ ಮಷಿನ್‌ಗೂ ಇದೇ ನಡೆಯುತ್ತಾ?” ಅದಕ್ಕೆ ಉತ್ತರ ವಿಡಿಯೋದಲ್ಲೇ ಇದೆ!

ಈಗ ಇರುವುದು ಇದು:

```
ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ
ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಶೇರ್ ಮಾಡಿ
ನಮ್ಮ ಇತರ ಪುಟಗಳು: (ಮೂರು ಲಿಂಕ್)
ಈ ವಿಡಿಯೋದಲ್ಲಿ ಹೊಲಿಗೆ ಮಷಿನ್ ಸಮಸ್ಯೆಗೆ ಪರಿಹಾರ ತಿಳಿಸಿದ್ದೇನೆ
#trending #viral #kannada #sewing machine
```

ವ್ಯೂಸ್ ಬೇಟೆ

ಅಕ್ಕ, ಮೊದಲ ಸಾಲಲ್ಲೇ ‘ಹೊಲಿಗೆ ಮಷಿನ್’ ಅನ್ನೋ ಪದ ಬರಬೇಕು, ಅದು ಗ್ಯಾರಂಟಿ. ಆಮೇಲೆ ಹ್ಯಾಷ್‌ಟ್ಯಾಗ್ ನಾಲ್ಕೇ ಇದೆ, ಸಾಲದು. ಮೂವತ್ತು ನಲವತ್ತು ಹಾಕಿ. ಜನ ಹುಡುಕುವ ಪದಗಳನ್ನೆಲ್ಲ ಕಾಮಾ ಹಾಕಿ ಡಿಸ್ಕ್ರಿಪ್ಷನ್ ಕೊನೆಯಲ್ಲಿ ಸುರಿದುಬಿಡಿ. ಟೈಟಲ್ ಹತ್ತಿರ ಬರುವುದು ಹೇಗಿದ್ದರೂ ಮೊದಲ ಮೂರು ಹ್ಯಾಷ್‌ಟ್ಯಾಗ್ ಮಾತ್ರ. ಉಳಿದದ್ದು ಹುಡುಕಾಟಕ್ಕೆ.

ಗುಡ್ಡದ ಸ್ಟುಡಿಯೋ

ಮೊದಲ ಸಾಲಿನ ಮಾತು ಸರಿ. ಉಳಿದದ್ದನ್ನು ದಯವಿಟ್ಟು ಮಾಡಬೇಡಿ. ಪದಗಳನ್ನು ಡಿಸ್ಕ್ರಿಪ್ಷನ್‌ನಲ್ಲಿ ರಾಶಿ ಹಾಕುವುದು ಯೂಟ್ಯೂಬ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ, ವಿಡಿಯೋ ತೆಗೆದುಹಾಕಬಹುದು. ಹ್ಯಾಷ್‌ಟ್ಯಾಗ್ 60 ದಾಟಿದರೆ ಆ ವಿಡಿಯೋದ ಒಂದನ್ನೂ ಲೆಕ್ಕಕ್ಕೆ ಇಡುವುದಿಲ್ಲ. ಹಾಗಂತ ಐವತ್ತು ಹಾಕುವುದರಲ್ಲೂ ಅರ್ಥವಿಲ್ಲ. ಟೈಟಲ್ ಹತ್ತಿರ ಬರುವುದು ಹೆಚ್ಚೆಂದರೆ ಮೂರು, ಅದೂ ಮೊದಲ ಮೂರೇ ಅಂತ ಇಲ್ಲ. ನೀವು ಹಾಕಿದವುಗಳಲ್ಲಿ ಜನ ಜಾಸ್ತಿ ಬಳಸುವುದನ್ನು ಅವರೇ ಆರಿಸುತ್ತಾರೆ. ಆದ್ದರಿಂದ `#viral` ಅಂತ ಒಂದು ಇದ್ದರೆ ಅದೇ ಮುಂದೆ ಬಂದು ಕೂರುತ್ತದೆ, ನಿಮ್ಮ ಹೊಲಿಗೆ ಹಿಂದೆ ಬೀಳುತ್ತದೆ.

ಸೂಜಿದಾರ ಅವರೇ, `#sewing machine` ನೋಡಿ. ನಡುವೆ ಜಾಗ ಬಿಟ್ಟಿದ್ದೀರಿ. ಹ್ಯಾಷ್‌ಟ್ಯಾಗ್ `#sewing` ಅಷ್ಟಕ್ಕೇ ಮುಗಿಯಿತು, `machine` ಸುಮ್ನೆ ಪಕ್ಕದಲ್ಲಿ ನಿಂತ ಪದ. ಕೂಡಿಸಿ ಬರೆಯಬೇಕು. ಕನ್ನಡದಲ್ಲಿ ಹಾಕಿದರೂ ಅಷ್ಟೇ. ಸೇವ್ ಮಾಡಿದ ಮೇಲೆ ಅದನ್ನು ಒತ್ತಿ ನೋಡಿ, ತೆರೆಯುವ ಪುಟದಲ್ಲಿ ಪದ ಪೂರ್ತಿ ಇದೆಯಾ, ಅರ್ಧಕ್ಕೆ ಕಡಿದಿದೆಯಾ ಅಂತ ಗೊತ್ತಾಗುತ್ತದೆ. ನಿಮಗೆ ಇಷ್ಟು ಸಾಕು:

```
#ಹೊಲಿಗೆ #sewingmachine #tailoringkannada
```

ಒಂದು ಪ್ರಶ್ನೆ. ಆ ಸ್ವಾಗತದ ಸಾಲು ನಿಮ್ಮ ಎಲ್ಲ ವಿಡಿಯೋದಲ್ಲೂ ಇದೆಯಾ?

ಸೂಜಿದಾರ

ಹೌದು, ಎಲ್ಲದರಲ್ಲೂ ಇದೆ. ನಾನು ಟೈಪ್ ಮಾಡುವುದಿಲ್ಲ, ಅದು ತಾನಾಗೇ ಬರುತ್ತದೆ. ಚಾನೆಲ್ ಶುರು ಮಾಡಿಕೊಟ್ಟವರು ಏನೋ ಸೆಟ್ ಮಾಡಿದ್ದರು.

ಗುಡ್ಡದ ಸ್ಟುಡಿಯೋ

ಅಲ್ಲೇ ಇದೆ ತೊಂದರೆ. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ಸ್ಟುಡಿಯೋ ತೆರೆದು `Settings` → `Upload defaults` ನೋಡಿ. ಅಲ್ಲಿ ಬರೆದಿಟ್ಟದ್ದು ಕಂಪ್ಯೂಟರ್‌ನಿಂದ ಹಾಕುವ ಪ್ರತಿ ಹೊಸ ವಿಡಿಯೋದ ಡಿಸ್ಕ್ರಿಪ್ಷನ್‌ಗೆ ಬಂದು ಕೂರುತ್ತದೆ. ನೀವು ವಿಷಯವನ್ನು ಅದರ ಕೆಳಗೆ ಬರೆಯುತ್ತಿದ್ದೀರಿ. ಹೀಗಾಗಿ ದಾರದ ವಿಡಿಯೋ, ಬ್ಲೌಸ್ ವಿಡಿಯೋ, ಎಣ್ಣೆ ಹಾಕುವ ವಿಡಿಯೋ, ಎಲ್ಲದರ ಮೊದಲ ಮೂರು ಸಾಲು ಒಂದೇ. ಹುಡುಕಾಟಕ್ಕಾಗಲಿ ನೋಡುಗರಿಗಾಗಲಿ ಇದು ಬೇರೆ, ಅದು ಬೇರೆ ಅಂತ ಆ ಸಾಲುಗಳಿಂದ ತಿಳಿಯುವುದು ಹೇಗೆ?

ಅಲ್ಲಿಂದ ಸ್ವಾಗತ ತೆಗೆಯಿರಿ. ಲಿಂಕ್‌ಗಳು ಬೇಕಿದ್ದರೆ ಮೇಲೆ ಎರಡು ಸಾಲು ಖಾಲಿ ಬಿಟ್ಟು ಇಡಿ, ಆ ಜಾಗದಲ್ಲಿ ಪ್ರತಿ ಸಲ ಹೊಸದಾಗಿ ಬರೆಯಿರಿ. ಗಮನಿಸಿ, ಇದನ್ನು ಬದಲಿಸಿದರೆ ಹಳೆಯ ವಿಡಿಯೋಗಳು ಬದಲಾಗುವುದಿಲ್ಲ. ಜಾಸ್ತಿ ಓಡುವ ಹಳೆಯ ವಿಡಿಯೋಗಳನ್ನು ಒಂದೊಂದಾಗಿ ತೆರೆದು ತಿದ್ದಬೇಕು.

ಈಗ ಮೊದಲ ಸಾಲು. ಡಿಸ್ಕ್ರಿಪ್ಷನ್‌ಗೆ 5000 ಅಕ್ಷರ ಜಾಗ ಇದೆ. ಆದರೆ ಒತ್ತಿ ತೆರೆಯುವ ಮುಂಚೆ ಕಾಣುವುದು ಶುರುವಿನ ಒಂದೆರಡು ಸಾಲು ಮಾತ್ರ. ನಿಮ್ಮ “ಹೊಲಿಗೆ ಮಷಿನ್ ಸಮಸ್ಯೆಗೆ ಪರಿಹಾರ” ಅನ್ನುವ ಸಾಲನ್ನು ಹಾಗೇ ಮೇಲಕ್ಕೆ ತಂದರೂ ಸಾಲದು. ಯಾವ ಸಮಸ್ಯೆ? ಮಷಿನ್ ಮುಂದೆ ಕೂತು ತಲೆ ಕೆಟ್ಟವರು ‘ಸಮಸ್ಯೆ’ ಅಂತ ಟೈಪ್ ಮಾಡುವುದಿಲ್ಲ, ‘ಕೆಳಗಡೆ ದಾರ ಗಂಟು’ ಅಂತ ಮಾಡುತ್ತಾರೆ. ಅವರ ಮಾತನ್ನೇ ಬರೆಯಿರಿ. ನಿಮ್ಮ ವಿಡಿಯೋ ನೋಡಿಯೇ ಬರೆದೆ:

```
ಹೊಲಿಯುವಾಗ ಬಟ್ಟೆಯ ಕೆಳಗಡೆ ದಾರ ಗಂಟು ಕಟ್ಟುತ್ತಿದೆಯಾ? ಮಷಿನ್‌ನ ಪಾದ ಎತ್ತಿ, ಮೇಲಿನ ದಾರವನ್ನು ಮತ್ತೆ ಪೋಣಿಸಿ ನೋಡಿ.
ಕಾಲಲ್ಲಿ ತುಳಿಯುವ ಮಷಿನ್, ಮೋಟಾರ್ ಕೂರಿಸಿದ ಮಷಿನ್ ಎರಡಕ್ಕೂ ಇದೇ ಕ್ರಮ.

00:00 ಗಂಟು ಎಲ್ಲಿ ಬೀಳುತ್ತಿದೆ
01:10 ಪಾದ ಎತ್ತಿ ದಾರ ಪೋಣಿಸುವುದು
03:25 ಬಾಬಿನ್ ಕೇಸ್ ತೆಗೆದು ಒರೆಸುವುದು
05:40 ಸೂಜಿ ಬದಲಿಸಿ ಹೊಲಿದು ನೋಡುವುದು
```

ಸಮಯ ಹಾಕುವಾಗ ಮೊದಲನೆಯದು 00:00 ಆಗಿರಲೇಬೇಕು, ಕನಿಷ್ಠ ಮೂರು ಇರಬೇಕು, ಪ್ರತಿ ಭಾಗ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ಅಧ್ಯಾಯಗಳಾಗಿ ಬರುವುದಿಲ್ಲ.

ತೋಟದ ದಾರಿ

ನಂದೂ ಇದೇ ಕಥೆ. ಪಿನ್ ಕಾಮೆಂಟ್‌ನಲ್ಲಿ ಪೂರ್ತಿ ವಿಡಿಯೋದ ಲಿಂಕ್ ಹಾಕಿದರೂ ಒಬ್ಬರೂ ಒತ್ತುವುದಿಲ್ಲ. ಕರಿಮೆಣಸಿನ ಬಳ್ಳಿ ಬಗ್ಗೆ ಚಿಕ್ಕ ಚಿಕ್ಕ ಶಾರ್ಟ್ಸ್ ಹಾಕುತ್ತೇನೆ. ಪಿನ್ ಸರಿಯಾಗಿ ಆಗಿಲ್ವಾ?

ಗುಡ್ಡದ ಸ್ಟುಡಿಯೋ

ಪಿನ್ ಸರಿಯಾಗಿಯೇ ಆಗಿರುತ್ತದೆ ಸರ್. ಶಾರ್ಟ್ಸ್‌ನ ಕಾಮೆಂಟ್ ಮತ್ತು ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ ಲಿಂಕ್ 2023ರ ಆಗಸ್ಟ್ 31ರಿಂದ ಒತ್ತಿದರೆ ತೆರೆಯುವುದಿಲ್ಲ, ಬರೀ ಅಕ್ಷರವಾಗಿ ಉಳಿಯುತ್ತದೆ. ಸ್ಟುಡಿಯೋದಲ್ಲಿ ಆ ಶಾರ್ಟ್ ತೆರೆದು `Related video` ಅನ್ನುವ ಕಡೆ ನಿಮ್ಮ ಪೂರ್ತಿ ವಿಡಿಯೋ ಆರಿಸಿ. ಸೂಜಿದಾರ ಅವರದು ಉದ್ದ ವಿಡಿಯೋ, ಅವರಿಗೆ ಈ ತೊಡಕಿಲ್ಲ.

ಸೂಜಿದಾರ

ತುಂಬಾ ಥ್ಯಾಂಕ್ಸ್ ಸರ್, ಬದಲಿಸಿದೆ. ಒಂದು ಅನುಮಾನ. ಪಾದ ಎತ್ತಿ ಪೋಣಿಸಿ ಅಂತ ಮೊದಲ ಸಾಲಲ್ಲೇ ಹೇಳಿಬಿಟ್ಟರೆ ಜನ ವಿಡಿಯೋ ಯಾಕೆ ನೋಡುತ್ತಾರೆ? ಇನ್ನೊಂದು, ಪಿನ್‌ನಲ್ಲಿ ಏನು ಹಾಕಲಿ? ಈಗ ಒಬ್ಬರು “ಸೂಪರ್ ಮೇಡಂ” ಅಂದಿದ್ದನ್ನು ಪಿನ್ ಮಾಡಿದ್ದೇನೆ.

ವ್ಯೂಸ್ ಬೇಟೆ

ಇದನ್ನೇ ನಾನೂ ಹೇಳಬೇಕು ಅಂತಿದ್ದೆ. ಉತ್ತರ ಬಿಟ್ಟುಕೊಡಬೇಡಿ. “ಈ ಒಂದು ಕೆಲಸ ಮಾಡಿದರೆ ಸಾಕು” ಅಂತ ಬರೆಯಿರಿ, ಜನ ಒತ್ತೇ ಒತ್ತುತ್ತಾರೆ.

ಗುಡ್ಡದ ಸ್ಟುಡಿಯೋ

ನಾನು ಒಪ್ಪುವುದಿಲ್ಲ. ಪಾದ ಕೆಳಗಿದ್ದರೆ ಟೆನ್ಷನ್‌ನ ಎರಡು ತಟ್ಟೆ ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ, ಹಿಡಿತ ಇಲ್ಲದ ಮೇಲಿನ ದಾರ ಕೆಳಗೆ ಹೋಗಿ ಗಂಟಾಗುತ್ತದೆ. ಒಂದು ಸಾಲು ಓದಿದವರಿಗೆ ಇದು ಗೊತ್ತಾಗುತ್ತಾ? ದಾರ ತಟ್ಟೆಯೊಳಗೆ ಕೂತಿತಾ ಇಲ್ಲವಾ ಅಂತ ಕೈಯಲ್ಲಿ ಎಳೆದು ನೋಡುವುದನ್ನು ನೀವು ಹತ್ತಿರದಿಂದ ತೋರಿಸಿದ್ದೀರಿ. ಅದಕ್ಕೆ ಜನ ಬಂದೇ ಬರುತ್ತಾರೆ. ಅಡುಗೆ ಅಥವಾ ಕಥೆಯ ವಿಡಿಯೋ ಆಗಿದ್ದರೆ ಬೇರೆ ಮಾತು. ಮಷಿನ್ ಕೆಟ್ಟು ಕೂತವರ ಹತ್ತಿರ ಗುಟ್ಟು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಪಿನ್ ವಿಷಯ. ಒಂದು ವಿಡಿಯೋಗೆ ಒಂದೇ ಪಿನ್, ಹೊಸದು ಮಾಡಿದರೆ ಹಳೆಯದು ಕೆಳಗಿಳಿಯುತ್ತದೆ. ಆ ಒಂದು ಜಾಗವನ್ನು ಹೊಗಳಿಕೆಗೆ ಕೊಡಬೇಡಿ. ಹುಡುಕಾಟಕ್ಕೆ ಏನೇನು ನೋಡುತ್ತೇವೆ ಅಂತ ಯೂಟ್ಯೂಬ್ ಹೇಳುವಾಗ ಟೈಟಲ್, ಟ್ಯಾಗ್, ಡಿಸ್ಕ್ರಿಪ್ಷನ್, ವಿಡಿಯೋದ ಒಳಗಿನ ವಿಷಯ ಅನ್ನುತ್ತದೆ. ಕಾಮೆಂಟ್ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಪಿನ್‌ನಲ್ಲಿ ಹುಡುಕುವ ಪದ ತುಂಬಬೇಡಿ, ನೋಡಿದವರಿಗೆ ಆಮೇಲೆ ಬರುವ ಪ್ರಶ್ನೆಗೆ ಉತ್ತರ ಬರೆಯಿರಿ. ನಿಮ್ಮ ಖಾತೆಯಿಂದಲೇ ಬರೆಯುವುದು ಒಳ್ಳೆಯದು. ಬೇರೆಯವರ ಕಾಮೆಂಟ್ ಪಿನ್ ಮಾಡಿದರೆ ಅವರು ಅಳಿಸಿದ ದಿನ ಅದರ ಕೆಳಗೆ ನೀವು ಕೊಟ್ಟ ಉತ್ತರವೂ ಹೋಗುತ್ತದೆ.

```
ಮೋಟಾರ್ ಮಷಿನ್‌ಗೂ ಇದೇ ಕ್ರಮ, 01:10ರಿಂದ ನೋಡಿ. ಹೊಸದಾಗಿ ಪೋಣಿಸಿದ ಮೇಲೂ ಗಂಟು ಬಂದರೆ 03:25 ನೋಡಿ ಬಾಬಿನ್ ಕೇಸ್ ಒರೆಸಿ. ಆಗಲೂ ಸರಿಯಾಗದಿದ್ದರೆ ಯಾವ ಮಷಿನ್, ಯಾವ ಬಟ್ಟೆ ಅಂತ ಇಲ್ಲೇ ಕೆಳಗೆ ಬರೆಯಿರಿ.
```

ಸೂಜಿದಾರ

ಕೆಲವು ವಾರ ಬಿಟ್ಟು ಬರುತ್ತಿದ್ದೇನೆ. ಮೋಟಾರ್ ಪ್ರಶ್ನೆ ಹೆಚ್ಚುಕಡಿಮೆ ನಿಂತಿದೆ. ಈಗ ಜನ ಬಟ್ಟೆ ಯಾವುದು ಅಂತ ಬರೆದೇ ಕೇಳುತ್ತಾರೆ, ಉತ್ತರ ಕೊಡುವುದು ಸುಲಭ. ಹುಡುಕಿ ಬರುವವರೂ ಸ್ವಲ್ಪ ಕಾಣುತ್ತಿದ್ದಾರೆ. ಆದರೆ `Analytics` ಒಳಗೆ `YouTube search` ತೆರೆದು ನೋಡಿದರೆ ಮೇಲೆಯೇ `holige machine dara cut` ಅಂತ ಇದೆ. ನನ್ನದು ಗಂಟಿನ ವಿಡಿಯೋ, ದಾರ ಹರಿಯುವುದಲ್ಲ! ಆ ಪದವನ್ನೂ ಡಿಸ್ಕ್ರಿಪ್ಷನ್‌ಗೆ ಸೇರಿಸಲಾ?

ಗುಡ್ಡದ ಸ್ಟುಡಿಯೋ

ಸೇರಿಸಬೇಡಿ. ವಿಡಿಯೋದಲ್ಲಿ ಇಲ್ಲದ್ದನ್ನು ಇದೆ ಅಂದ ಹಾಗಾಗುತ್ತದೆ, ಬಂದವರು ಅರ್ಧ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಪಿನ್‌ನಲ್ಲಿ ಒಂದು ಸಾಲು ಹಾಕಿ: “ದಾರ ಹರಿಯುತ್ತಿದ್ದರೆ ಕಾರಣ ಬೇರೆ, ಟೆನ್ಷನ್ ಬಿಗಿ ಮತ್ತು ಸೂಜಿ ಮೊದಲು ನೋಡಿ.” ಅದಕ್ಕೇ ಒಂದು ವಿಡಿಯೋ ಮಾಡಿದರೆ ಆ ಸಾಲಿಗೆ ಲಿಂಕ್ ಕೊಡಿ. ಜನ ಕೇಳುತ್ತಿರುವುದು ಕಣ್ಣಮುಂದೆಯೇ ಇದೆ.

ವ್ಯೂಸ್ ಬೇಟೆ

ಅದೆಲ್ಲ ಸರಿ. ಆದರೆ ನೋಡಿ, ಜನ `holige machine` ಅಂತ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುತ್ತಿದ್ದಾರೆ. ಡಿಸ್ಕ್ರಿಪ್ಷನ್ ಪೂರ್ತಿ ಕನ್ನಡದಲ್ಲಿದ್ದರೆ ಹೇಗೆ ಸಿಗುತ್ತದೆ? ಟೈಟಲ್‌ನಲ್ಲೇ ಹಾಗೆ ಬರೆಯಿರಿ ಅಂತೀನಿ.

ಗುಡ್ಡದ ಸ್ಟುಡಿಯೋ

ಈ ಮಾತಿನಲ್ಲಿ ಹುರುಳಿದೆ. ನಾನು ಟೈಟಲ್ ಮುಟ್ಟುವುದಿಲ್ಲ. ಮೂರನೆಯ ಸಾಲಿನಲ್ಲಿ ಒಂದು ಪೂರ್ತಿ ವಾಕ್ಯ ಹಾಕುತ್ತೇನೆ, `Sewing machine thread jam, explained in Kannada` ಅನ್ನುವ ಥರ. ಸ್ಟುಡಿಯೋದ ಭಾಷೆಗಳ ವಿಭಾಗದಲ್ಲಿ ಟೈಟಲ್, ಡಿಸ್ಕ್ರಿಪ್ಷನ್ ಎರಡಕ್ಕೂ ಇಂಗ್ಲಿಷ್ ರೂಪ ಬೇರೆಯಾಗಿ ಕೊಡಬಹುದು, ಕನ್ನಡದ್ದು ಹಾಗೇ ಉಳಿಯುತ್ತದೆ.

ತೋಟದ ದಾರಿ

ನಮ್ಮ ಕಡೆ ಜನ ಫೋನಿಗೆ ಮಾತಾಡಿ ಹುಡುಕುತ್ತಾರೆ, ಅದು ಕನ್ನಡದಲ್ಲೇ ಬರೆದುಕೊಳ್ಳುತ್ತದೆ. ನಾನಂತೂ ಎಲ್ಲ ಕನ್ನಡದಲ್ಲೇ ಇಡ್ತೀನಿ. ಅಂದ ಹಾಗೆ `Related video` ಹಾಕಿದೆ, ಈಗ ಜನ ಒತ್ತುತ್ತಿದ್ದಾರೆ.

ಸೂಜಿದಾರ

ಎರಡನ್ನೂ ನೋಡ್ತೀನಿ. ಈ ವಿಡಿಯೋಗೆ ಇಂಗ್ಲಿಷ್ ಸಾಲು ಸೇರಿಸುತ್ತೇನೆ, ಎಣ್ಣೆ ಹಾಕುವ ವಿಡಿಯೋ ಕನ್ನಡದಲ್ಲೇ ಇರಲಿ. ಹುಡುಕಿದ ಪದಗಳ ಪಟ್ಟಿ ಬದಲಾದರೆ ಇಲ್ಲಿ ಹಾಕುತ್ತೇನೆ. ದಾರ ಹರಿಯುವ ವಿಡಿಯೋಗೆ ಹಳೆಯ ಸೂಜಿ, ಹೊಸ ಸೂಜಿ ಎರಡನ್ನೂ ತೆಗೆದಿಟ್ಟಿದ್ದೇನೆ.