ಅಪ್‌ಡೇಟ್: ಒಂದೇ ಸ್ಲೈಡ್‌ನಲ್ಲಿ ಕಂಪ್ರೆಸರ್ ತೀರ್ಮಾನ

ನನ್ನ ಪ್ರಶ್ನೆ: "ಕೋಲ್ಡ್ ಸ್ಟೋರೇಜ್ ಕಂಪ್ರೆಸರ್ ಬಗ್ಗೆ 14 ಸ್ಲೈಡ್ ಇದೆ. ಎಂಡಿ ಒಂದೇ ಸ್ಲೈಡ್ ಸಾಕು ಅಂದಿದ್ದಾರೆ. ಏನು ಉಳಿಸಲಿ?"

ಸಲಹೆ ಕೊಟ್ಟ ಎಲ್ಲರಿಗೂ ಧನ್ಯವಾದ. ಕೊನೆಗೆ ನಿಂತ ರೂಪ ಹೀಗಿದೆ.

"ಕಂಪ್ರೆಸರ್ ಸ್ಥಿತಿಗತಿ" ಎಂಬ ಶೀರ್ಷಿಕೆ ತೆಗೆದು, ಪೂರ್ತಿ ವಾಕ್ಯ ಹಾಕಿದೆ: "ಹೊಸ ಕಂಪ್ರೆಸರ್‌ಗೆ ₹22 ಲಕ್ಷ ಮಂಜೂರು ಮಾಡಿ, ಬೇಸಿಗೆಗೆ ಮೊದಲೇ ಕೂರಿಸಲು ಈ ತಿಂಗಳೇ ಆರ್ಡರ್ ಹೋಗಬೇಕು." ಓದುವವರು ಅಲ್ಲಿಗೇ ನಿಲ್ಲಿಸಿದರೂ ಏನು ಕೇಳುತ್ತಿದ್ದೇವೆಂದು ತಿಳಿಯುತ್ತದೆ. ಅದರ ಕೆಳಗೆ ಪರಿಸ್ಥಿತಿ, ಎರಡೇ ಸಾಲು: ವರ್ಷಕ್ಕೆ 2 ಸಲ ಕೆಡುತ್ತಿದೆ, ಪ್ರತಿ ಸಲ ₹4 ಲಕ್ಷದ ಸರಕು ಹಾಳು.

ಆಯ್ಕೆಗಳ ಪಟ್ಟಿಯಲ್ಲೇ ನಾನು ಎಡವಿದ್ದು. ಖರೀದಿ ಬೆಲೆ ಮಾತ್ರ ಹಾಕಿದಾಗ ₹6 ಲಕ್ಷದ ರಿಪೇರಿಯೇ ಅಗ್ಗವಾಗಿ ಕಾಣುತ್ತಿತ್ತು. ರಿಪೇರಿ, ಹೊಸದು, ಬಾಡಿಗೆ ಗೋದಾಮು ಈ ಮೂರನ್ನೂ ಮೂರು ವರ್ಷದ ಒಟ್ಟು ಖರ್ಚಿಗೆ ತಂದ ಮೇಲೆ ಚಿತ್ರ ಬದಲಾಯಿತು. ರಿಪೇರಿಗೆ ನಷ್ಟದ 24 ಸೇರಿ ₹30 ಲಕ್ಷ. ಹೊಸದಕ್ಕೆ ನಿರ್ವಹಣೆಯ 3 ಸೇರಿ ₹25 ಲಕ್ಷ. ತಿಂಗಳಿಗೆ ₹1 ಲಕ್ಷದ ಬಾಡಿಗೆ ಗೋದಾಮಿಗೆ ₹36 ಲಕ್ಷ.

ಬಹಳ ಮುಖ್ಯವಾದದ್ದು ತಳದ ಸಾಲು: "ರಿಪೇರಿಯ ನಂತರ ವರ್ಷಕ್ಕೆ ಒಂದೇ ಸಲ ಕೆಟ್ಟರೆ ರಿಪೇರಿಗೆ ₹18 ಲಕ್ಷ, ಆಗ ಅದೇ ಅಗ್ಗ." ಶಿಫಾರಸು ಯಾವ ಊಹೆಯ ಮೇಲೆ ನಿಂತಿದೆಯೋ ಅದನ್ನು ಮುಚ್ಚಿಟ್ಟರೆ, ಮೊದಲ ಪ್ರಶ್ನೆಗೇ ಸ್ಲೈಡ್ ಕುಸಿಯುತ್ತದೆ. ಕಂಪ್ರೆಸರ್ ಕೆಟ್ಟುಹೋದ ದಿನಾಂಕಗಳ ಲಾಗ್ ಅನುಬಂಧಕ್ಕೆ ಹೋಯಿತು.

ಕಳಿಸುವ ಮುನ್ನ ಬೇರೆ ವಿಭಾಗದವರೊಬ್ಬರಿಗೆ 30 ಸೆಕೆಂಡ್ ತೋರಿಸಿ, ಮುಚ್ಚಿ, "ಏನು ಬೇಕಂತೆ, ಯಾಕೆ?" ಎಂದು ಕೇಳಿ. ಅವರು ಬರೀ ಕಂಪ್ರೆಸರ್ ಕೆಟ್ಟಿದೆ ಎಂದರೆ ಶೀರ್ಷಿಕೆ ಇನ್ನೂ ಸರಿಯಾಗಿಲ್ಲ.