ನಿಫ್ಟಿ ದಿಕ್ಕಿಗೆ ಯೀಲ್ಡ್, ಡಾಲರ್, ಕ್ರೂಡ್: ಮೂರೂ ಜಗಳವಾಡಿದಾಗ ಯಾವುದನ್ನು ನಂಬೋದು?

ಪ್ರಶ್ನೆ: ನಿಫ್ಟಿ ಫ್ಯೂಚರ್ಸ್‌ನ ಎರಡು-ಮೂರು ವಾರ ಇಟ್ಕೊಳ್ಳೋನು ನಾನು. ಪಕ್ಕದಲ್ಲಿ ಅಮೆರಿಕದ ಹತ್ತು ವರ್ಷದ ಯೀಲ್ಡ್, ಡಾಲರ್-ರೂಪಾಯಿ, ಕ್ರೂಡ್ ಚಾರ್ಟ್ ತೆರೆದಿರ್ತೀನಿ. ಮೂರೂ ಮೂರು ಕಡೆ ಎಳೀತವೆ. ಅನುಭವ ಇರೋರು ಹೇಳಿ.

ಮಂಜುನಾಥ: ಇಷ್ಟೊಂದು ತಲೆ ಕೆಡಿಸ್ಕೋಬೇಡಿ. ಅಮೆರಿಕದ ಯೀಲ್ಡ್ ಏರಿದ್ರೆ ವಿದೇಶಿ ದುಡ್ಡು ವಾಪಸ್ ಹೋಗುತ್ತೆ, ನಿಫ್ಟಿ ಬೀಳುತ್ತೆ. ಇಳಿದ್ರೆ ಏರುತ್ತೆ. 2023ರ ಅಕ್ಟೋಬರ್ ನೋಡಿ, ಅಷ್ಟೇ ಸಾಕು.

ಶೈಲಜಾ: ಅದೇ ಚಾರ್ಟ್ ತೆಗೆಯೋಣ. 2023ರ ಸೆಪ್ಟೆಂಬರ್ ಮಧ್ಯದಲ್ಲಿ ನಿಫ್ಟಿ 20,200ರ ಹತ್ತಿರ, US10Y ಸುಮಾರು 4.3. ಅಕ್ಟೋಬರ್ 23ಕ್ಕೆ ಯೀಲ್ಡ್ 5 ಮುಟ್ಟಿತು, ಅದೇ ವಾರ ನಿಫ್ಟಿ 18,850ರ ಆಸುಪಾಸಿಗೆ ಇಳೀತು. ವರ್ಷದ ಕೊನೆಗೆ ಯೀಲ್ಡ್ 3.9ಕ್ಕೆ ಬಂತು, ನಿಫ್ಟಿ 21,700 ದಾಟಿತು. ಮಂಜುನಾಥ್ ಅವರ ಸೂತ್ರ ಇಲ್ಲಿ ಕೂದಲೆಳೆ ತಪ್ಪಿಲ್ಲ.

ಈಗ ಅದೇ ಅವಧಿಯ USDINR ಹಾಕಿ ನೋಡಿ. ಅಷ್ಟು ದಿನವೂ 83ರ ಮೇಲೆ ಹೆಚ್ಚುಕಮ್ಮಿ ಸಪಾಟಾಗಿ ಮಲಗಿದೆ. ರಿಸರ್ವ್ ಬ್ಯಾಂಕ್ ಡಾಲರ್ ಕೊಟ್ಟು-ಕೊಂಡು ರೂಪಾಯಿಯನ್ನು ಹಿಡಿದಿಟ್ಟಿದ್ದಾಗ ಆ ಚಾರ್ಟ್‌ನಲ್ಲಿ ಸುದ್ದಿಯೇ ಇರೋದಿಲ್ಲ. ‘ರೂಪಾಯಿ ಶಾಂತವಾಗಿದೆ, ಭಯ ಇಲ್ಲ’ ಅಂತ ಓದಿದೋರು ಅಕ್ಟೋಬರ್‌ನಲ್ಲಿ ಏಟು ತಿಂದಿರ್ತಾರೆ. ಇಂಥ ಹೊತ್ತಲ್ಲಿ ರೂಪಾಯಿ ಬಿಟ್ಟು ಡಾಲರ್ ಸೂಚ್ಯಂಕ DXY ನೋಡಬೇಕು.

ಸೂತ್ರ ಮುರಿಯೋದು 2020ರ ಮಾರ್ಚ್‌ನಲ್ಲಿ. ವರ್ಷದ ಶುರುವಿಗೆ 1.9ರಷ್ಟಿದ್ದ ಯೀಲ್ಡ್ ಒಂದರ ಕೆಳಗೆ ಕುಸೀತು, ನಿಫ್ಟಿಯೂ 12,000ದ ಮೇಲಿಂದ 7,600ಕ್ಕೆ ಬಂತು. ಯೀಲ್ಡ್ ಇಳಿದದ್ದು ಬಡ್ಡಿ ಭಾರ ಕಮ್ಮಿ ಆಯ್ತು ಅಂತ ಅಲ್ಲ, ಜನ ಹೆದರಿ ಬಾಂಡ್ ಹಿಂದೆ ಬಿದ್ದದ್ದಕ್ಕೆ. ಇವೆರಡನ್ನು ಬೇರೆ ಮಾಡೋಕೆ ತಾಮ್ರದ ಚಾರ್ಟ್ ಬೇಕು, `HG1!` ಸಾಕು. 2020ರಲ್ಲಿ ಯೀಲ್ಡ್ ಜೊತೆ ತಾಮ್ರವೂ ಬಿತ್ತು. 2023ರ ನವೆಂಬರ್‌ನಲ್ಲಿ ಯೀಲ್ಡ್ ಇಳೀತು, ತಾಮ್ರ ಇಳೀಲಿಲ್ಲ, ಸ್ವಲ್ಪ ಏರಿತು ಕೂಡ. ನಿಫ್ಟಿಗೆ ಒಳ್ಳೇದಾಗೋ ಇಳಿತ ಈ ಎರಡನೇ ಬಗೆಯದು.

ಪ್ರಕಾಶ: ಮೇಡಂ ಹೇಳಿದ್ದು ಸರಿ. ಆದ್ರೆ ಬಹಳ ಜನ ಎಡವೋದು ಚಾರ್ಟ್ ಹಾಕೋವಾಗಲೇ. ಯೀಲ್ಡನ್ನು ಶೇಕಡಾ ಬದಲಾವಣೆಯಲ್ಲಿ ಹಾಕಬೇಡಿ. 0.5ರಿಂದ 1ಕ್ಕೆ ಹೋದ್ರೆ ನೂರು ಪರ್ಸೆಂಟ್ ಏರಿಕೆ ಅಂತ ತೋರಿಸುತ್ತೆ, 4.5ರಿಂದ 5ಕ್ಕೆ ಹೋದ್ರೆ ಹನ್ನೊಂದು. ಎರಡೂ 50 ಬೇಸಿಸ್ ಪಾಯಿಂಟೇ. ಈ ವಾರದ ಯೀಲ್ಡ್‌ನಲ್ಲಿ 13 ವಾರ ಹಿಂದಿನದನ್ನು ಕಳೆದು, ಆ ವ್ಯತ್ಯಾಸವನ್ನು ನಿಫ್ಟಿ ಕೆಳಗೆ ಇಡಿ.

ಇನ್ನೊಂದು, MCX ಕ್ರೂಡ್ ಇಡಬೇಡಿ. ಅದು ರೂಪಾಯಿಯಲ್ಲಿದೆ, ಹಾಗಾಗಿ ಡಾಲರ್ ಚಾರ್ಟ್ ಅದರ ಒಳಗೇ ಸೇರಿಕೊಂಡಿದೆ. ಎರಡು ಸಾಕ್ಷಿ ಸಿಕ್ಕವು ಅನ್ನಿಸುತ್ತೆ, ಇರೋದು ಒಂದೂವರೆ. ಡಾಲರ್ ಲೆಕ್ಕದ ಬ್ರೆಂಟ್, ಅಂದ್ರೆ `UKOIL` ಇಡಿ.

ದಿನದ ಚಾರ್ಟ್ ಆದ್ರೆ ತಾರೀಖನ್ನೂ ಸರಿಸಬೇಕು. ನಿಫ್ಟಿ ಮೂರೂವರೆಗೆ ಮುಚ್ಚುತ್ತೆ, ಅದೇ ತಾರೀಖಿನ ಅಮೆರಿಕದ ಮುಕ್ತಾಯ ಬರೋದು ನಮ್ಮ ನಡುರಾತ್ರಿ ಕಳೆದ ಮೇಲೆ. ನಿನ್ನೆಯ ಯೀಲ್ಡ್ ಪಕ್ಕ ಇವತ್ತಿನ ನಿಫ್ಟಿ ಕೂರಬೇಕು. ಇದನ್ನು ಮರೆತು ಹಿಂದಿನ ವರ್ಷಗಳ ಮೇಲೆ ಪರೀಕ್ಷೆ ಮಾಡಿದ್ರೆ ಫಲಿತಾಂಶ ಅದ್ಭುತವಾಗಿ ಬರುತ್ತೆ. ನಾಳೆಯ ಪೇಪರ್ ಇವತ್ತೇ ಓದಿದ ಹಾಗೆ.

ಗೀತಾ: ನನ್ನ ಹತ್ರ ಗಿಲ್ಟ್ ಫಂಡ್ ಇದೆ. ಯೀಲ್ಡ್ ಇಳೀತಿದೆ ಅಂದ್ರೆ ನಷ್ಟ ತಾನೇ, ಮಾರಿಬಿಡ್ಲಾ?

ಪ್ರಕಾಶ: ಗೀತಾ ಅವರೇ, ಉಲ್ಟಾ. ಯೀಲ್ಡ್ ಇಳಿದ್ರೆ ಬಾಂಡ್ ಬೆಲೆ ಏರುತ್ತೆ, ನಿಮ್ಮ ಎನ್‌ಎವಿ ಕೂಡ. ಆದ್ರೆ ನಿಮ್ಮ ಫಂಡ್‌ಗೆ ನೋಡಬೇಕಾದ್ದು ಭಾರತದ ಹತ್ತು ವರ್ಷದ ಯೀಲ್ಡ್ IN10Y, ಅಮೆರಿಕದ್ದಲ್ಲ. ಇಲ್ಲಿ ಕೇಳಿರೋ ವಿಷಯ ಬೇರೆ.

ಮಂಜುನಾಥ: ಶೈಲಜಾ ಮೇಡಂ, ನಿಮ್ಮ ತಾಮ್ರವೂ ಸೋತ ಕಾಲ ಇದೆಯಲ್ಲ? 2022ರ ಜೂನ್ ಮಧ್ಯದಿಂದ ಅಕ್ಟೋಬರ್ ಕೊನೆ. ಯೀಲ್ಡ್ 4 ದಾಟಿತು, ರೂಪಾಯಿ 78ರಿಂದ 82.8ಕ್ಕೆ ಬಿತ್ತು, ತಾಮ್ರವೂ ಇಳೀತು. ನಿಫ್ಟಿ ಮಾತ್ರ 15,200ರಿಂದ 18,000ಕ್ಕೆ ಹೋಯ್ತು. ನನ್ನ ಸೂತ್ರವೂ ಮಣ್ಣು, ನಿಮ್ಮದೂ ಮಣ್ಣು.

ಶೈಲಜಾ: ಒಪ್ಪಿದೆ. ಆಗ ನಮ್ಮ ಪರವಾಗಿದ್ದ ಚಾರ್ಟ್ ಒಂದೇ, ಬ್ರೆಂಟ್. 120ರ ಸುತ್ತ ಇದ್ದದ್ದು 95ಕ್ಕೆ ಬಂದಿತ್ತು. ಬೇಕಾದ ತೈಲದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಹೊರಗಿಂದ ತರೋ ದೇಶಕ್ಕೆ ಅದು ಸಣ್ಣ ಮಾತಲ್ಲ. ಮೂರೂ ಜಗಳವಾಡಿದಾಗ ನಾನು ಕ್ರೂಡ್‌ಗೆ ಹೆಚ್ಚು ತೂಕ ಕೊಡೋದು ಅದಕ್ಕೇ.

ಪ್ರಕಾಶ: ಅದೇ ತಿಂಗಳುಗಳಲ್ಲಿ ಎಸ್‌ಐಪಿ ದುಡ್ಡೂ ತಿಂಗಳಿಗೆ ಹನ್ನೆರಡು ಸಾವಿರ ಕೋಟಿ ದಾಟಿ ಬರ್ತಿತ್ತು. ಅದು ಯಾವ ಚಾರ್ಟ್‌ನಲ್ಲೂ ಕಾಣಲ್ಲ. ಏರಿಸಿದ್ದು ಕ್ರೂಡೋ, ಎಸ್‌ಐಪಿಯೋ, ಈ ಒಂದೇ ಉದಾಹರಣೆ ಇಟ್ಕೊಂಡು ಹೇಗೆ ಹೇಳ್ತೀರಿ?

ಶೈಲಜಾ: ಹೇಳೋಕಾಗಲ್ಲ. ಅದಕ್ಕೇ ಮೂರೂ ಒಂದೇ ಕಡೆ ಇದ್ದಾಗ ಪೂರ್ತಿ ಲಾಟ್, ಕ್ರೂಡ್ ಮಾತ್ರ ಪರ ಇದ್ದಾಗ ಅರ್ಧ. ಒಳಗೆ ಹೋಗೋ ಬೆಲೆ, ಸ್ಟಾಪ್ ಲಾಸ್ ಎರಡೂ ನಿಫ್ಟಿ ಚಾರ್ಟ್ ಮೇಲೆಯೇ. ಯೀಲ್ಡ್ ತಿರುಗಿತು ಅಂತ ಸ್ಟಾಪ್ ಸರಿಸೋದಿಲ್ಲ.

ಪ್ರಶ್ನೆ ಕೇಳಿದವರು: ನನ್ನದು ಒಂದೇ ಲಾಟ್ ಮೇಡಂ, ಅರ್ಧ ಮಾಡೋದು ಹೇಗೆ?

ಶೈಲಜಾ: ಹಾಗಾದ್ರೆ ಆ ವಾರ ಫ್ಯೂಚರ್ಸ್ ಬೇಡ, ನಿಫ್ಟಿ ಇಟಿಎಫ್ ತಗೊಳ್ಳಿ. ಎಷ್ಟು ಬೇಕೋ ಅಷ್ಟೇ ಯೂನಿಟ್ ಸಿಗುತ್ತೆ.