ತುಟಿ ಅಂಚಿನ ಕಲೆಗೆ ಹೀಲಿಂಗ್ ಬ್ರಷ್ಷೋ, ಕ್ಲೋನ್ ಸ್ಟ್ಯಾಂಪೋ?

ಪ್ರಶ್ನೆ (ಗಂಗಾವತಿ): ಮದುಮಗಳ ಕ್ಲೋಸಪ್ ಫೋಟೊ. ಕೆನ್ನೆ ಮೇಲೆ ಮೂರು ಮೊಡವೆ, ಮೇಲ್ತುಟಿಗೆ ತಾಗಿದ ಗಾಯದ ಕಲೆ, ಹಿಂದಿನ ಗೋಡೆಯಲ್ಲಿ ಸ್ವಿಚ್ ಬೋರ್ಡ್. ಫೋಟೊಶಾಪ್‌ನಾಗ ಹೀಲಿಂಗ್ ಬ್ರಷ್ ಆಡಿಸಿದ್ರ ಮೊಡವೆ ಹೋಗ್ತಾವ, ತುಟಿ ಹತ್ರ ಮಾತ್ರ ಕೆಂಪು ಹರಡತದ. ಯಾವುದಕ್ಕೆ ಯಾವ ಟೂಲ್ ಹೇಳ್ರಿ.

ಸಿಂಧನೂರು: ಬ್ರಷ್ ಸಣ್ಣದು ಮಾಡ್ರಿ, ಹೀಲಿಂಗ್‌ನಾಗೇ ಆಗ್ತದ.

ಬಳ್ಳಾರಿ, ರೀಟಚಿಂಗ್ ಮಾಡುವವರು: ಸಣ್ಣ ಬ್ರಷ್ಷಿಗೆ ಕೆಂಪು ಕಡಿಮೆ ಆಗುತ್ತೆ, ನಿಲ್ಲೋದಿಲ್ಲ. ಹೀಲಿಂಗ್ ಬ್ರಷ್ ಚರ್ಮದ ರಚನೆಯನ್ನು ನೀವು Alt ಒತ್ತಿ ಕ್ಲಿಕ್ ಮಾಡಿದ ಜಾಗದಿಂದ ತರುತ್ತೆ, ಆದರೆ ಬಣ್ಣ, ಬೆಳಕನ್ನು ನೀವು ಬಳಿದ ಜಾಗದ ಸುತ್ತಲಿಂದ ಹೊಂದಿಸಿಕೊಳ್ಳುತ್ತೆ. ಬಳಿದದ್ದರ ಅಂಚು ತುಟಿಗೆ ತಾಗಿದರೆ ಆ ಕೆಂಪೂ ಒಳಗೆ ಬರುತ್ತೆ. ಕೆನ್ನೆಯ ಮೊಡವೆಗೆ ಸುತ್ತಲೂ ಚರ್ಮವೇ ಇರೋದರಿಂದ ಅಲ್ಲಿ ಅದೇ ಸರಿ.

ಮೊದಲು ಖಾಲಿ ಲೇಯರ್ ತೆಗೆದು, ಮೇಲಿನ ಪಟ್ಟಿಯಲ್ಲಿ Sample ಅನ್ನು Current & Below ಮಾಡಿ. Current Layer ಅಂತಲೇ ಬಿಟ್ಟರೆ ಖಾಲಿ ಲೇಯರ್ ಮೇಲೆ ಏನೂ ಬೀಳೋದಿಲ್ಲ. ತುಟಿ ಹತ್ತಿರ 200%ಗೆ ಜೂಮ್ ಮಾಡಿ, ಲ್ಯಾಸೊದಿಂದ ಕಲೆಯನ್ನು ಸುತ್ತಿ. ತುಟಿ ಕಡೆಯ ಗೆರೆ ಮಾತ್ರ ಅಂಚಿನ ಮೇಲೇ ಹೋಗಬೇಕು, ಉಳಿದ ಕಡೆ ಸ್ವಲ್ಪ ಅಗಲ ಬಿಡಿ. ಈಗ ಹೀಲಿಂಗ್ ಆಡಿಸಿದರೆ ತುಟಿಯ ಬಣ್ಣ ಒಳಗೆ ನುಗ್ಗೋದಿಲ್ಲ.

ಕಲೆ ತುಟಿಯ ಗೆರೆಯನ್ನೇ ಮುರಿದಿದ್ದರೆ ಅಷ್ಟು ತುಣುಕಿಗೆ ಕ್ಲೋನ್ ಸ್ಟ್ಯಾಂಪ್ ಬೇಕು. ಪಕ್ಕದಲ್ಲೇ ಚೆನ್ನಾಗಿರೋ ಗೆರೆಯ ಮೇಲೆ Alt ಕ್ಲಿಕ್ ಮಾಡಿ, ಮುರಿದ ಗೆರೆಯ ಮೇಲೇ ಮೊದಲ ಕ್ಲಿಕ್ ಇಡಿ. ಬ್ರಷ್ ತೀರಾ ಮೆತ್ತಗಿದ್ದರೆ ಅಂಚು ಮಸುಕಾಗುತ್ತೆ.

ಕೊಪ್ಪಳ: ನಂದೂ ಇಂಥದ್ದೇ ಐತಿ. ಹಳೇ ಫೋಟೊ, ಮಡಿಕೆ ಗೆರೆ ಕಣ್ಣಿನ ಮ್ಯಾಲೆ ಹಾದೈತಿ. ಕಂಟೆಂಟ್-ಅವೇರ್ ಫಿಲ್ ಕೊಟ್ರ ಕಣ್ಣಿನ ಜಾಗಕ್ಕ ಹುಬ್ಬಿನ ತುಂಡು ಬಂತು.

ಬಳ್ಳಾರಿ: ನಿಮ್ಮದು ಬೇರೆ ಕೆಲಸ, ಆದರೂ ಕಾರಣ ಇಲ್ಲಿಗೂ ಬೇಕಾದದ್ದು. ಕಂಟೆಂಟ್-ಅವೇರ್ ಫಿಲ್ ಫೋಟೊದ ಬೇರೆ ಕಡೆಯಿಂದ ಹೊಂದುವ ತುಂಡು ತಂದು ತುಂಬುತ್ತೆ. ಅದು ಕಣ್ಣು ಅನ್ನೋದು ಅದಕ್ಕೆ ಬೇಕಿಲ್ಲ. ಮುಖಕ್ಕೆ ಬೇಡ. ಗೋಡೆಯ ಸ್ವಿಚ್ ಬೋರ್ಡಿಗೆ ಹೇಳಿಮಾಡಿಸಿದ್ದು. ಬೋರ್ಡನ್ನು ನೆರಳಿನ ಸಮೇತ ಸೆಲೆಕ್ಟ್ ಮಾಡಿ, Edit > Content-Aware Fill ತೆರೆಯಿರಿ. ಎಲ್ಲಿಂದ ತುಂಡು ತರುತ್ತೆ ಅಂತ ತೋರಿಸೋ ಹಸಿರು ಬಣ್ಣ ಮದುಮಗಳ ಕೂದಲು, ಸೀರೆ ಮೇಲಿದ್ದರೆ ಅಲ್ಲಿಂದ ಅಳಿಸಿ, ಗೋಡೆ ಮೇಲಷ್ಟೇ ಉಳಿಸಿ. Output To ನಲ್ಲಿ New Layer ಇಡಿ.

ಸಿಂಧನೂರು: ಸೆಲೆಕ್ಷನ್ ಎಲ್ಲಾ ಯಾಕ್ರಿ, ತುಟಿಗೆ ಕ್ಲೋನ್ ಒಂದೇ ಸಾಕಲ್ಲ?

ಬಳ್ಳಾರಿ: ಮಾಡಬಹುದು. ಆದರೆ ಕ್ಲೋನ್ ಬೆಳಕನ್ನು ಹೊಂದಿಸೋದಿಲ್ಲ, ಇದ್ದದ್ದನ್ನು ಇದ್ದಂಗೆ ಇಡುತ್ತೆ. ಚರ್ಮದ ಮೇಲೆ ನಾನು ಹೀಲಿಂಗೇ ಹಿಡೀತೀನಿ.

ಗಂಗಾವತಿ: ಸೆಲೆಕ್ಷನ್ ಹಾಕಿದ ಮ್ಯಾಲೆ ಕೆಂಪು ನಿಂತದ. ಗೆರೆಗೆ ಕ್ಲೋನ್ ಮಾಡಿದ್ದು ಮಾತ್ರ ಕಪ್ಪಗೆ ಕಾಣ್ತದ.

ಬಳ್ಳಾರಿ: ನೆರಳಿನ ಕಡೆಯಿಂದ ತಗೊಂಡಿರಬೇಕು. ಬೆಳಕು ಬೀಳೋ ಕಡೆ, ಕಲೆಗೆ ಇನ್ನೂ ಹತ್ತಿರ Alt ಕ್ಲಿಕ್ ಮಾಡಿ ನೋಡಿ. ಆಮೇಲೆ 100%ಗೆ ಬಂದು ಲೇಯರಿನ ಪಕ್ಕದ ಕಣ್ಣಿನ ಗುರುತು ಆರಿಸಿ-ಹಚ್ಚಿ ನೋಡಿ. ತುಟಿಯ ಆಕಾರ ಅಲುಗಾಡಿದಂಗೆ ಕಂಡರೆ ಗೆರೆ ಕೂಡಿಲ್ಲ ಅಂತಲೇ.